ಟಿಟಿಎಲ್, ಸಿಮಾಸ್, ಇಸಿಎಲ್ ಹೋಲಿಕೆ: ಐದು ಅಂಕದ ಪ್ರಶ್ನೆಗೆ ಟೇಬಲ್ ಬಾಯಿಪಾಠ ಬೇಡ, ಲೆಕ್ಕ ಮಾಡಿ ಬರೆಯಿರಿ

ಪ್ರಶ್ನೆ ಹೆಚ್ಚುಕಡಿಮೆ ಹೀಗೇ ಇರುತ್ತದೆ: "ಟಿಟಿಎಲ್, ಸಿಮಾಸ್ ಮತ್ತು ಇಸಿಎಲ್ ಲಾಜಿಕ್ ಫ್ಯಾಮಿಲಿಗಳನ್ನು ಫ್ಯಾನ್-ಇನ್, ಫ್ಯಾನ್-ಔಟ್, ನಾಯ್ಸ್ ಮಾರ್ಜಿನ್, ಪ್ರೊಪಗೇಶನ್ ಡಿಲೇ ಆಧಾರದ ಮೇಲೆ ಹೋಲಿಸಿ." ಐದು ಅಂಕ, ಕೈಯಲ್ಲಿ ಏಳೆಂಟು ನಿಮಿಷ. ಬಾಗಲಕೋಟೆಯ ನವನಗರದಲ್ಲಿ ನನ್ನ ಹತ್ತಿರ ಸಂಜೆ ಪಾಠಕ್ಕೆ ಬರುವ ಡಿಪ್ಲೊಮಾ ಮತ್ತು ಬಿಇ ಹುಡುಗರೆಲ್ಲ ಇದನ್ನು ಸುಲಭದ ಪ್ರಶ್ನೆ ಅಂದುಕೊಂಡಿರುತ್ತಾರೆ. ಆದರೆ ಒಬ್ಬಳು ಹೇಳಿದ್ದು ಎಲ್ಲರ ಪಾಡೂ ಹೌದು: "ಸರ, ಟೇಬಲ್ ಪೂರಾ ಬಾಯಿಪಾಠ ಮಾಡೀನ್ರಿ, ಪೇಪರ್‌ದಾಗ ಬರಿಬೇಕಾದ್ರ ಅಂಕಿ ಎಲ್ಲಾ ಅದಲುಬದಲು ಆಗತಾವ."

ಆಗೇ ಆಗುತ್ತವೆ. ಮೂರು ಫ್ಯಾಮಿಲಿ, ನಾಲ್ಕು ಗುಣ, ಒಟ್ಟು ಹನ್ನೆರಡು ಮನೆ. ಒಂದಕ್ಕೊಂದು ಸಂಬಂಧ ಇಲ್ಲದ ಹನ್ನೆರಡು ಅಂಕಿ ಅಂತ ನೆನಪಿಟ್ಟುಕೊಂಡರೆ ಯಾವುದೋ ಒಂದು ಕೈಕೊಡುತ್ತದೆ. ಆದರೆ ಈ ನಾಲ್ಕು ಗುಣಗಳು ಬೇರೆಬೇರೆ ಅಲ್ಲ. ಒಂದನ್ನು ಎಳೆದರೆ ಇನ್ನೊಂದು ಅಲುಗುತ್ತದೆ. ಟಿಟಿಎಲ್‌ನಲ್ಲಿ ಫ್ಯಾನ್-ಔಟ್ ಮಿತಿ ಮೀರಿದರೆ ಅದು ನಾಯ್ಸ್ ಮಾರ್ಜಿನ್ ಅನ್ನು ತಿನ್ನುತ್ತದೆ. ಸಿಮಾಸ್‌ನಲ್ಲಿ ಅದೇ ತಪ್ಪು ಡಿಲೇ ಜಾಸ್ತಿ ಮಾಡುತ್ತದೆ. ಉತ್ತರದಲ್ಲಿ ಈ ಸಂಬಂಧ ಎರಡೇ ಸಾಲಿನಲ್ಲಿ ಕಂಡರೂ ಸಾಕು, ಬರೆದವರಿಗೆ ವಿಷಯ ಗೊತ್ತಿದೆ ಅಂತ ಪೇಪರ್ ನೋಡುವವರಿಗೆ ತಿಳಿಯುತ್ತದೆ.

ಮೊದಲು: ಯಾವ ಟಿಟಿಎಲ್, ಎಷ್ಟು ವೋಲ್ಟಿನ ಸಿಮಾಸ್?

ಅಂಕಿ ಬರೆಯುವ ಮುಂಚೆ ಒಂದು ಸಾಲು ಬರೆಯಿರಿ: "ಸ್ಟ್ಯಾಂಡರ್ಡ್ ಟಿಟಿಎಲ್ (74 ಸರಣಿ, 5 ವೋಲ್ಟ್), ಸಿಮಾಸ್ (4000ಬಿ ಸರಣಿ, 5 ವೋಲ್ಟ್), ಇಸಿಎಲ್ (10ಕೆ ಸರಣಿ, −5.2 ವೋಲ್ಟ್) ಎಂದು ಇಟ್ಟುಕೊಂಡಿದ್ದೇನೆ." ಈ ಸಾಲು ಇಲ್ಲದಿದ್ದರೆ ಮುಂದಿನ ಅಂಕಿಗಳಿಗೆ ಅರ್ಥವೇ ಇಲ್ಲ.

ಯಾಕೆ ಅಂದರೆ, ಸಿಮಾಸ್ ನಾಯ್ಸ್ ಮಾರ್ಜಿನ್ ಒಂದು ಪುಸ್ತಕದಲ್ಲಿ 3 ವೋಲ್ಟ್ ಅಂತ ಇರುತ್ತದೆ, ಇನ್ನೊಂದರಲ್ಲಿ 1.45 ವೋಲ್ಟ್. ಎರಡೂ ಸರಿ. 4000ಬಿ ಸರಣಿಗೆ 5 ವೋಲ್ಟ್ ಕೊಟ್ಟರೆ 1.45 ಬರುತ್ತದೆ, 10 ವೋಲ್ಟ್ ಕೊಟ್ಟರೆ 2.95, ಅಂದರೆ ಸುಮಾರು 3. ಸಪ್ಲೈ ಬರೆಯದೆ ಬರೀ "3 ವೋಲ್ಟ್" ಅಂತ ಬರೆದು, ಪಕ್ಕದಲ್ಲೇ 5 ವೋಲ್ಟಿನ ಡಿಲೇ ಹಾಕಿದರೆ ಎರಡು ಬೇರೆ ಸರ್ಕ್ಯೂಟಿನ ಅಂಕಿಗಳನ್ನು ಒಂದೇ ಕಂಬದಲ್ಲಿ ಕಲಸಿದ ಹಾಗಾಯಿತು. ನಿಮ್ಮ ಕ್ಲಾಸಿನ ಪುಸ್ತಕದ ಅಂಕಿ ಬೇರೆ ಇದ್ದರೆ ಅದನ್ನೇ ಬರೆಯಿರಿ, ಆದರೆ ಅದು ಎಷ್ಟು ವೋಲ್ಟಿಗೆ ಅನ್ನುವುದನ್ನು ಜೊತೆಗೇ ಹಾಕಿ.

ನಾಯ್ಸ್ ಮಾರ್ಜಿನ್: ಎರಡು ಕಳೆಯುವ ಲೆಕ್ಕ

ಒಂದು ಗೇಟಿನ ಔಟ್‌ಪುಟ್ ಇನ್ನೊಂದರ ಇನ್‌ಪುಟ್‌ಗೆ ಹೋಗುತ್ತದೆ. ಕಳಿಸುವ ಗೇಟು ಒಂದು ಮಾತು ಕೊಡುತ್ತದೆ, ತೆಗೆದುಕೊಳ್ಳುವ ಗೇಟು ಒಂದು ಮಾತು ಕೊಡುತ್ತದೆ. 7400 ಚಿಪ್ಪಿನ ಡೇಟಾಶೀಟಿನಲ್ಲಿ ಆ ಮಾತುಗಳು ನಾಲ್ಕೇ ಅಂಕಿ: ಹೈ ಕಳಿಸಿದರೆ ಕನಿಷ್ಠ 2.4 ವೋಲ್ಟ್ ಇರುತ್ತದೆ, ಲೋ ಕಳಿಸಿದರೆ ಗರಿಷ್ಠ 0.4 ವೋಲ್ಟ್. ಆ ಕಡೆಯ ಗೇಟು 2.0 ವೋಲ್ಟ್ ಅಥವಾ ಮೇಲೆ ಬಂದದ್ದನ್ನು ಹೈ ಅನ್ನುತ್ತದೆ, 0.8 ಅಥವಾ ಕೆಳಗೆ ಬಂದದ್ದನ್ನು ಲೋ ಅನ್ನುತ್ತದೆ.

```
NMH = VOH(min) - VIH(min) = 2.4 - 2.0 = 0.4 V
NML = VIL(max) - VOL(max) = 0.8 - 0.4 = 0.4 V
```

ಇಲ್ಲಿ ಸೂತ್ರ ತಿರುವುಮುರುವು ಮಾಡುವವರು ಬಹಳ ಜನ. ನೆನಪಿಡುವುದು ಹೇಗೆ ಅಂದರೆ, ಮಾರ್ಜಿನ್ ಯಾವಾಗಲೂ ದೊಡ್ಡದರಲ್ಲಿ ಚಿಕ್ಕದನ್ನು ಕಳೆದದ್ದು. ಹೈನಲ್ಲಿ ಔಟ್‌ಪುಟ್ ಮೇಲಿರುತ್ತದೆ, ಲೋನಲ್ಲಿ ಇನ್‌ಪುಟ್ ಮಿತಿ ಮೇಲಿರುತ್ತದೆ. ಒಂದೇ ಫ್ಯಾಮಿಲಿಯ ಗೇಟುಗಳಲ್ಲಿ ಉತ್ತರ ಮೈನಸ್ ಬಂದರೆ ಸೂತ್ರ ಉಲ್ಟಾ ಆಗಿದೆ ಅಂತಲೇ ಅರ್ಥ, ಅಲ್ಲೇ ತಿದ್ದಿಕೊಳ್ಳಿ.

ಈ 0.4 ವೋಲ್ಟ್ ಏನು ಹೇಳುತ್ತದೆ? 2.4 ವೋಲ್ಟಿನ ಹೈ ಮೇಲೆ 0.3 ವೋಲ್ಟಿನ ನಾಯ್ಸ್ ಬಂದು ಕೆಳಕ್ಕೆ ಎಳೆಯಿತು ಅಂತ ಇಟ್ಟುಕೊಳ್ಳಿ. 2.1 ಉಳಿಯುತ್ತದೆ, ಇನ್ನೂ ಹೈ. 0.5 ವೋಲ್ಟ್ ಎಳೆದರೆ 1.9 ಆಗುತ್ತದೆ. "ಆಗ ಗೇಟು ಅದನ್ನು ಸೊನ್ನೆ ಅಂತ ಓದುತ್ತದೆ" ಅಂತ ಬರೆದರೆ ತಪ್ಪು. 0.8 ಮತ್ತು 2.0 ನಡುವೆ ಗೇಟು ಏನು ಓದುತ್ತದೆ ಅನ್ನುವುದಕ್ಕೆ ಗ್ಯಾರಂಟಿ ಇಲ್ಲ, ಅಷ್ಟೇ. ಈ ವಾಕ್ಯವನ್ನು ಹೀಗೇ ಬರೆಯಿರಿ.

ಹೈ ಮತ್ತು ಲೋ ಮಾರ್ಜಿನ್ ಬೇರೆಬೇರೆ ಬಂದರೆ ಚಿಕ್ಕದೇ ಉತ್ತರ. ಎಲ್‌ಎಸ್ ಟಿಟಿಎಲ್ ತೆಗೆದುಕೊಳ್ಳಿ: ಹೈನಲ್ಲಿ 2.7ರಲ್ಲಿ 2.0 ಕಳೆದರೆ 0.7, ಲೋನಲ್ಲಿ 0.8ರಲ್ಲಿ 0.5 ಕಳೆದರೆ 0.3. ನಾಯ್ಸ್ ಬರುವಾಗ ಲೈನು ಹೈ ಇದೆಯೋ ಲೋ ಇದೆಯೋ ನೋಡಿಕೊಂಡು ಬರುವುದಿಲ್ಲ. ಹಾಗಾಗಿ ಎಲ್‌ಎಸ್ ಮಾರ್ಜಿನ್ 0.3 ವೋಲ್ಟ್.

ಸಿಮಾಸ್ 5 ವೋಲ್ಟಿಗೆ ಔಟ್‌ಪುಟ್ ಹೈ ಕನಿಷ್ಠ 4.95, ಲೋ ಗರಿಷ್ಠ 0.05. ಇನ್‌ಪುಟ್ ಮಿತಿ 3.5 ಮತ್ತು 1.5. ಎರಡೂ ಕಡೆ 1.45 ಬರುತ್ತದೆ. ಔಟ್‌ಪುಟ್ ಸಪ್ಲೈ ತುದಿಯಿಂದ ತುದಿಯವರೆಗೆ ತೂಗುತ್ತದೆ, ಮುಂದಿನ ಗೇಟಿಗೆ ಕರೆಂಟ್ ಕೊಡುವ ಕೆಲಸ ಹೆಚ್ಚುಕಡಿಮೆ ಇಲ್ಲ. ಅದಕ್ಕೇ ಇಷ್ಟು ಅಗಲ.

ಇಸಿಎಲ್‌ನಲ್ಲಿ ವೋಲ್ಟೇಜ್ ಎಲ್ಲಾ ಮೈನಸ್ ಇರುವುದರಿಂದ ಹುಡುಗರು ಗಾಬರಿಯಾಗುತ್ತಾರೆ. ಸೂತ್ರ ಅದೇ, ಬ್ರಾಕೆಟ್ ಹಾಕಿ ನಿಧಾನವಾಗಿ ಕಳೆಯಿರಿ:

```
NMH = (-0.980) - (-1.105) = 0.125 V
NML = (-1.475) - (-1.630) = 0.155 V
```

ಚಿಕ್ಕದು 0.125 ವೋಲ್ಟ್. ಕೆಲವು ಪುಸ್ತಕಗಳು ಇದನ್ನು ಸುಮಾರು 0.2 ಅಂತ ಬರೆಯುತ್ತವೆ. ಏನೇ ಬರೆದರೂ ಮೂರರಲ್ಲಿ ಇದೇ ಕಡಿಮೆ. ಹೈಗೂ ಲೋಗೂ ನಡುವಿನ ಅಂತರವೇ ಸುಮಾರು 0.8 ವೋಲ್ಟ್ ಇರುವಾಗ ಮಾರ್ಜಿನ್ ದೊಡ್ಡದಾಗಲು ಜಾಗ ಎಲ್ಲಿದೆ?

ಫ್ಯಾನ್-ಔಟ್: ಎರಡು ಭಾಗಾಕಾರ, ಚಿಕ್ಕದನ್ನು ಆರಿಸಿ

ಒಂದು ಔಟ್‌ಪುಟ್ ಎಷ್ಟು ಇನ್‌ಪುಟ್‌ಗಳನ್ನು ಸರಿಯಾಗಿ ನಡೆಸಬಲ್ಲದು ಅನ್ನುವುದು ಫ್ಯಾನ್-ಔಟ್. ಡೆಫಿನಿಶನ್ ಇಷ್ಟೇ ಸಾಕು, ಆದರೆ "ಸರಿಯಾಗಿ" ಅನ್ನುವ ಮಾತು ಬಿಡಬೇಡಿ. ವೋಲ್ಟೇಜ್ ತನ್ನ ಮಿತಿಯೊಳಗೇ ಇರಬೇಕು ಅನ್ನುವುದು ಅದರಲ್ಲಿದೆ.

ಸ್ಟ್ಯಾಂಡರ್ಡ್ ಟಿಟಿಎಲ್‌ನಲ್ಲಿ ಔಟ್‌ಪುಟ್ ಲೋ ಇದ್ದಾಗ ಪ್ರತಿ ಇನ್‌ಪುಟ್‌ನಿಂದ 1.6 ಮಿಲಿಆಂಪಿಯರ್ ಒಳಗೆ ಹರಿದು ಬರುತ್ತದೆ. ಔಟ್‌ಪುಟ್ 16 ಮಿಲಿಆಂಪಿಯರ್ ನುಂಗಬಲ್ಲದು. ಹೈ ಇದ್ದಾಗ ಪ್ರತಿ ಇನ್‌ಪುಟ್ 40 ಮೈಕ್ರೋಆಂಪಿಯರ್ ಎಳೆಯುತ್ತದೆ, ಔಟ್‌ಪುಟ್ 400 ಕೊಡಬಲ್ಲದು. 16 ಭಾಗಿಸು 1.6, ಹತ್ತು. 400 ಭಾಗಿಸು 40, ಹತ್ತು. ಎರಡೂ ಒಂದೇ ಬರುವುದರಿಂದ ಒಂದನ್ನೇ ಮಾಡಿದರೆ ಸಾಕು ಅಂತ ಎಷ್ಟೋ ಜನ ತಿಳಿದುಬಿಟ್ಟಿರುತ್ತಾರೆ.

ಸಾಲದು. ಎಲ್‌ಎಸ್ ಗೇಟಿನಿಂದ ಸ್ಟ್ಯಾಂಡರ್ಡ್ ಟಿಟಿಎಲ್ ಗೇಟುಗಳನ್ನು ನಡೆಸಬೇಕು ಅಂತ ಪ್ರಶ್ನೆ ಬಂದರೆ ನೋಡಿ. ಎಲ್‌ಎಸ್ ಔಟ್‌ಪುಟ್ ಲೋನಲ್ಲಿ 8 ಮಿಲಿಆಂಪಿಯರ್ ನುಂಗುತ್ತದೆ, ಹೈನಲ್ಲಿ 400 ಮೈಕ್ರೋಆಂಪಿಯರ್ ಕೊಡುತ್ತದೆ.

```
LOW : IOL / IIL = 8 mA / 1.6 mA   = 5
HIGH: IOH / IIH = 400 uA / 40 uA  = 10
fan-out = min(5, 10) = 5
```

ಹೈ ಲೆಕ್ಕ ಮಾತ್ರ ಮಾಡಿದವರು 10 ಅಂತ ಬರೆದು ಅಂಕ ಕಳೆದುಕೊಳ್ಳುತ್ತಾರೆ. ಡೇಟಾಶೀಟಿನಲ್ಲಿ ಕೆಲವು ಕರೆಂಟುಗಳ ಮುಂದೆ ಮೈನಸ್ ಇರುತ್ತದೆ. ಅದು ಕರೆಂಟ್ ಪಿನ್ನಿನಿಂದ ಹೊರಗೆ ಹರಿಯುತ್ತದೆ ಅನ್ನುವ ಗುರುತು ಮಾತ್ರ, ಭಾಗಿಸುವಾಗ ಬಿಟ್ಟುಬಿಡಿ.

ಈಗ ನಾನು ಮೊದಲು ಹೇಳಿದ ಸಂಬಂಧ. ಸ್ಟ್ಯಾಂಡರ್ಡ್ ಗೇಟಿಗೆ ಹತ್ತರ ಬದಲು ಹನ್ನೆರಡು ಇನ್‌ಪುಟ್ ಹಚ್ಚಿದರೆ ಏನಾಗುತ್ತದೆ? ಗೇಟು ತಕ್ಷಣ ಸುಡುವುದಿಲ್ಲ, ಸರ್ಕ್ಯೂಟ್ ನಿಲ್ಲುವುದೂ ಇಲ್ಲ. ಲೋನಲ್ಲಿ 19.2 ಮಿಲಿಆಂಪಿಯರ್ ನುಂಗಬೇಕಾಗುತ್ತದೆ, ಆಗ ಔಟ್‌ಪುಟ್ ಲೋ ವೋಲ್ಟೇಜ್ 0.4ರ ಒಳಗೇ ಇರುತ್ತದೆ ಅನ್ನುವ ಗ್ಯಾರಂಟಿ ಹೋಗುತ್ತದೆ. ಅದು 0.6ಕ್ಕೆ ಏರಿತು ಅಂದುಕೊಳ್ಳಿ, ಲೋ ನಾಯ್ಸ್ ಮಾರ್ಜಿನ್ 0.4ರಿಂದ 0.2ಕ್ಕೆ ಇಳಿಯಿತು. ಲ್ಯಾಬಿನಲ್ಲಿ ಸರಿಯಾಗಿ ನಡೆದ ಸರ್ಕ್ಯೂಟು ಪಕ್ಕದಲ್ಲಿ ಮೋಟಾರ್ ಆನ್ ಮಾಡಿದಾಗ ಮಾತ್ರ ತಪ್ಪು ಎಣಿಸಿದರೆ ಇದೂ ಒಂದು ಕಾರಣ ಇರಬಹುದು. ಲೋ ಇರುವಾಗ ಆ ಔಟ್‌ಪುಟ್ ಪಿನ್ನಿನಲ್ಲಿ ಮೀಟರ್ ಇಟ್ಟು ನೋಡಿ, 0.4 ದಾಟಿದ್ದರೆ ಲೋಡ್ ಜಾಸ್ತಿಯಾಗಿದೆಯೇ ಅಂತ ಎಣಿಸಿ.

ಸಿಮಾಸ್ ಕಥೆಯೇ ಬೇರೆ. ಇನ್‌ಪುಟ್ ಅಂದರೆ ಮಾಸ್‌ಫೆಟ್‌ನ ಗೇಟು, ಅದಕ್ಕೆ ನಿಂತ ಕರೆಂಟ್ ಬೇಕಿಲ್ಲ. ಕರೆಂಟಿನ ಭಾಗಾಕಾರ ಮಾಡಿದರೆ ಫ್ಯಾನ್-ಔಟ್ ನೂರಾರು ದಾಟುತ್ತದೆ. ಹಾಗಾದರೆ ಪುಸ್ತಕದ 50 ಎಲ್ಲಿಂದ ಬಂತು? ಪ್ರತಿ ಇನ್‌ಪುಟ್ ಸುಮಾರು 5 ಪಿಕೋಫ್ಯಾರಡಿನ ಒಂದು ಕೆಪಾಸಿಟರ್. ಒಂದೇ ನಲ್ಲಿಯಿಂದ ಕೊಡ ತುಂಬಿಸಿದ ಹಾಗೆ: ಎಷ್ಟು ಕೊಡ ಇಟ್ಟರೂ ತುಂಬುತ್ತವೆ, ಹೊತ್ತು ಮಾತ್ರ ಜಾಸ್ತಿ ಹಿಡಿಯುತ್ತದೆ. ಸಿಮಾಸ್ ಫ್ಯಾನ್-ಔಟ್‌ಗೆ ಮಿತಿ ಹಾಕುವುದು ಕರೆಂಟ್ ಅಲ್ಲ, ಡಿಲೇ. "50 (ಕಡಿಮೆ ಫ್ರೀಕ್ವೆನ್ಸಿಯಲ್ಲಿ)" ಅಂತ ಬರೆಯಿರಿ.

ಇಸಿಎಲ್‌ಗೆ 25 ಅಂತ ಬರೆಯುವುದು ರೂಢಿ. ಅದರ ಔಟ್‌ಪುಟ್ ಎಮಿಟರ್ ಫಾಲೋವರ್, ಒಳ್ಳೆಯ ಕರೆಂಟ್ ಕೊಡುತ್ತದೆ. ಆದರೆ ಜಾಸ್ತಿ ಗೇಟು ಹಚ್ಚಿದರೆ ಕೆಪಾಸಿಟೆನ್ಸ್ ಏರಿ ಅದರ ವೇಗವೇ ಹಾಳಾಗುತ್ತದೆ.

ಪ್ರೊಪಗೇಶನ್ ಡಿಲೇ: ಸರಾಸರಿ, ಮತ್ತು ಎಷ್ಟು ಲೋಡಿಗೆ

ಇನ್‌ಪುಟ್ ಬದಲಾದ ಮೇಲೆ ಔಟ್‌ಪುಟ್ ಬದಲಾಗಲು ಹಿಡಿಯುವ ಹೊತ್ತು. ಎರಡೂ ತರಂಗಗಳನ್ನು ಒಂದರ ಕೆಳಗೆ ಒಂದು ಬರೆದು, ಅರ್ಧ ಏರಿದ ಜಾಗದಲ್ಲಿ ಗುರುತು ಹಾಕಿ ಅಂತರ ತೋರಿಸಿ. ಸ್ಟ್ಯಾಂಡರ್ಡ್ ಟಿಟಿಎಲ್‌ಗೆ ಆ ಗುರುತು 1.5 ವೋಲ್ಟಿನಲ್ಲಿ. ಚಿತ್ರ ಪುಟ್ಟದಿದ್ದರೂ ಪರವಾಗಿಲ್ಲ, ಆದರೆ ಗುರುತು ತರಂಗದ ತುದಿಯಲ್ಲಿ ಹಾಕಬೇಡಿ.

7400ರಲ್ಲಿ ಔಟ್‌ಪುಟ್ ಹೈಯಿಂದ ಲೋಗೆ ಹೋಗಲು ಸಾಧಾರಣವಾಗಿ 7 ನ್ಯಾನೋಸೆಕೆಂಡ್, ಲೋಯಿಂದ ಹೈಗೆ 11. ಕೂಡಿಸಿ ಎರಡರಿಂದ ಭಾಗಿಸಿದರೆ 9, ಪುಸ್ತಕಗಳಲ್ಲಿ 10 ಅಂತ ಇರುತ್ತದೆ. ಹೈಗೆ ಏರುವುದು ಯಾಕೆ ತಡ? ಲೋ ಇದ್ದಾಗ ಕೆಳಗಿನ ಟ್ರಾನ್ಸಿಸ್ಟರ್ ಸ್ಯಾಚುರೇಶನ್‌ನಲ್ಲಿ ಇರುತ್ತದೆ. ಅದರ ಬೇಸ್‌ನಲ್ಲಿ ತುಂಬಿಕೊಂಡ ಚಾರ್ಜ್ ಖಾಲಿಯಾಗುವ ತನಕ ಅದು ಆಫ್ ಆಗುವುದಿಲ್ಲ.

ಇಸಿಎಲ್ ಫಾಸ್ಟ್ ಆಗಿರುವುದಕ್ಕೆ ಕಾರಣವೂ ಇದರಲ್ಲೇ ಇದೆ. ಅಲ್ಲಿ ಟ್ರಾನ್ಸಿಸ್ಟರ್‌ಗಳು ಸ್ಯಾಚುರೇಶನ್‌ಗೆ ಹೋಗುವುದೇ ಇಲ್ಲ, ವೋಲ್ಟೇಜ್ ತೂಗುವುದೂ 0.8 ವೋಲ್ಟ್ ಮಾತ್ರ. ಸುಮಾರು 2 ನ್ಯಾನೋಸೆಕೆಂಡಿನಲ್ಲಿ ಕೆಲಸ ಮುಗಿಯುತ್ತದೆ. ನಾಯ್ಸ್ ಮಾರ್ಜಿನ್ ಕಡಿಮೆಯಾಗಲು ಯಾವ ಚಿಕ್ಕ ತೂಗು ಕಾರಣವೋ, ವೇಗ ಬರಲು ಅದೂ ಒಂದು ಕಾರಣ. ಉತ್ತರದಲ್ಲಿ ಈ ಎರಡನ್ನೂ ಒಂದೇ ವಾಕ್ಯದಲ್ಲಿ ಕಟ್ಟಿ ಬರೆಯಿರಿ, ನನ್ನ ಪ್ರಕಾರ ಇಡೀ ಹೋಲಿಕೆಯಲ್ಲಿ ಅತಿ ಬೆಲೆಬಾಳುವ ವಾಕ್ಯ ಅದು.

ಸಿಡಿ4011ಬಿ ನ್ಯಾಂಡ್ ಗೇಟಿಗೆ 5 ವೋಲ್ಟಿನಲ್ಲಿ ಸಾಧಾರಣ ಡಿಲೇ 125 ನ್ಯಾನೋಸೆಕೆಂಡ್, 10 ವೋಲ್ಟಿನಲ್ಲಿ 60. ಈ ಅಂಕಿ 50 ಪಿಕೋಫ್ಯಾರಡ್ ಲೋಡಿಗೆ. ಒಂದು ಇನ್‌ಪುಟ್ 5 ಪಿಕೋಫ್ಯಾರಡ್ ಅಂದರೆ ವೈರಿನದ್ದು ಬಿಟ್ಟು ಹತ್ತು ಇನ್‌ಪುಟ್ ಆಯಿತು. ಫ್ಯಾನ್-ಔಟ್ 50 ಅಂತ ಬರೆದಿರಲ್ಲ, ಅಷ್ಟು ಇನ್‌ಪುಟ್ ನಿಜವಾಗಿ ಹಚ್ಚಿದರೆ ಲೋಡು 250 ಪಿಕೋಫ್ಯಾರಡ್. ಆಗ ಡಿಲೇ 125ಕ್ಕೆ ನಿಲ್ಲುವುದಿಲ್ಲ, ಅದಕ್ಕಿಂತ ಬಹಳ ಮೇಲೆ ಹೋಗುತ್ತದೆ. 50 ಮತ್ತು 125 ಎರಡೂ ಒಂದೇ ಹೊತ್ತಿಗೆ ಸಿಗುವುದಿಲ್ಲ ಅನ್ನುವುದು ಟೇಬಲ್ ನೋಡಿದರೆ ಗೊತ್ತಾಗುವುದೇ ಇಲ್ಲ.

ಲ್ಯಾಬಿನಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಒಂದು ಸಿಡಿ4011ಬಿ ಚಿಪ್ಪಿನಲ್ಲಿ ನಾಲ್ಕು ಗೇಟು ಇವೆ. ಪ್ರತಿಯೊಂದರ ಎರಡು ಇನ್‌ಪುಟ್ ಜೋಡಿಸಿ ಇನ್‌ವರ್ಟರ್ ಮಾಡಿ, ನಾಲ್ಕನ್ನೂ ಸಾಲಾಗಿ ಹಚ್ಚಿ, ಮೊದಲ ಇನ್‌ಪುಟ್ ಮತ್ತು ಕೊನೆಯ ಔಟ್‌ಪುಟ್ ಅನ್ನು ಆಸಿಲೋಸ್ಕೋಪಿನ ಎರಡು ಚಾನಲ್‌ಗೆ ಕೊಡಿ. ಬಂದ ಅಂತರವನ್ನು ನಾಲ್ಕರಿಂದ ಭಾಗಿಸಿದರೆ 125ಕ್ಕಿಂತ ಕಡಿಮೆಯೇ ಬರುವುದು ಸಹಜ, ಯಾಕೆಂದರೆ ಮಧ್ಯದ ಗೇಟುಗಳ ಮೇಲೆ 50 ಪಿಕೋಫ್ಯಾರಡ್ ಲೋಡ್ ಇಲ್ಲ. ಕೊನೆಯ ಔಟ್‌ಪುಟ್‌ನಿಂದ ಗ್ರೌಂಡಿಗೆ 220 ಪಿಕೋಫ್ಯಾರಡಿನ ಕೆಪಾಸಿಟರ್ ಹಚ್ಚಿ ಮತ್ತೆ ನೋಡಿ, ತರಂಗದ ಅಂಚು ಬಗ್ಗಿ ಹಿಂದೆ ಸರಿಯುವುದು ಕಾಣುತ್ತದೆ.

"ಸಿಮಾಸ್ ನಿಧಾನ" ಅಂತ ಸುಮ್ನೆ ಬರೆಯಬೇಡಿ. 4000 ಸರಣಿ ನಿಧಾನ. ಎಚ್‌ಸಿ ಸರಣಿಯ ಸಿಮಾಸ್ ಎಲ್‌ಎಸ್ ಟಿಟಿಎಲ್ ವೇಗಕ್ಕೆ ಹೆಚ್ಚುಕಡಿಮೆ ಸಮ.

ಫ್ಯಾನ್-ಇನ್: ಕಡಿಮೆ ಬರೆಯಿರಿ, ಕಾರಣ ಬರೆಯಿರಿ

ಒಂದು ಗೇಟಿಗೆ ಎಷ್ಟು ಇನ್‌ಪುಟ್ ಇವೆ ಅನ್ನುವುದೇ ಫ್ಯಾನ್-ಇನ್. ಪುಸ್ತಕದಿಂದ ಪುಸ್ತಕಕ್ಕೆ ಇದರ ಅಂಕಿ ತುಂಬಾ ಬದಲಾಗುತ್ತದೆ, ಹಾಗಾಗಿ ಚಿಪ್ಪಿನ ಉದಾಹರಣೆ ಕೊಡುವುದು ಒಳ್ಳೆಯದು. ಟಿಟಿಎಲ್‌ನಲ್ಲಿ ಒಂದೇ ಟ್ರಾನ್ಸಿಸ್ಟರಿಗೆ ಹಲವು ಎಮಿಟರ್ ಇಟ್ಟು ಇನ್‌ಪುಟ್ ಹೆಚ್ಚಿಸುತ್ತಾರೆ, 7430ರಲ್ಲಿ ಎಂಟು ಇನ್‌ಪುಟ್ ಇವೆ. ಇಸಿಎಲ್‌ನಲ್ಲಿ ಇನ್‌ಪುಟ್ ಟ್ರಾನ್ಸಿಸ್ಟರ್‌ಗಳನ್ನು ಪ್ಯಾರಲಲ್ ಆಗಿ ಜೋಡಿಸುತ್ತಾರೆ. ಸಿಮಾಸ್ ನ್ಯಾಂಡ್‌ನಲ್ಲಿ ಪ್ರತಿ ಇನ್‌ಪುಟ್‌ಗೆ ಒಂದು ಎನ್‌ಮಾಸ್ ಸಾಲಾಗಿ ಸೇರುತ್ತದೆ. ಸಾಲು ಉದ್ದವಾದಷ್ಟೂ ರೆಸಿಸ್ಟೆನ್ಸ್ ಜಾಸ್ತಿ, ಡಿಲೇ ಜಾಸ್ತಿ. ಅದಕ್ಕೇ ಒಂದೇ ಹಂತದಲ್ಲಿ ಸಾಮಾನ್ಯವಾಗಿ ನಾಲ್ಕಕ್ಕೆ ನಿಲ್ಲಿಸುತ್ತಾರೆ, ಸಿಡಿ4012 ಹಾಗೆ.

ಒಂದು ಸೂಕ್ಷ್ಮ ಇದೆ. ಸ್ಟ್ಯಾಂಡರ್ಡ್ ಟಿಟಿಎಲ್ ನ್ಯಾಂಡ್‌ನ ಎರಡು ಇನ್‌ಪುಟ್ ಜೋಡಿಸಿದರೆ ಲೋನಲ್ಲಿ ಕರೆಂಟ್ ಒಂದೇ ರೆಸಿಸ್ಟರ್ ಮೂಲಕ ಬರುವುದರಿಂದ 1.6 ಮಿಲಿಆಂಪಿಯರೇ ಉಳಿಯುತ್ತದೆ, ಹೈನಲ್ಲಿ ಮಾತ್ರ 80 ಮೈಕ್ರೋಆಂಪಿಯರ್ ಆಗುತ್ತದೆ. ಅಂಥ ಗೇಟುಗಳನ್ನು ನಡೆಸುವಾಗ ಲೋ ಲೆಕ್ಕ 10 ಹೇಳಿದರೂ ಹೈ ಲೆಕ್ಕ 400 ಭಾಗಿಸು 80, ಐದು. ಹಿಂದಿನ ಲೆಕ್ಕದಲ್ಲಿ ಲೋ ಮಿತಿ ಹಾಕಿತ್ತು, ಇಲ್ಲಿ ಹೈ. ಎರಡನ್ನೂ ಯಾಕೆ ಮಾಡಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಪೇಪರಿನಲ್ಲಿ ಹೇಗೆ ಇಳಿಸುವುದು

ಮೇಲೆ ಸರಣಿ ಮತ್ತು ಸಪ್ಲೈ ಹೇಳುವ ಸಾಲು. ಅದರ ಕೆಳಗೆ ಈ ಟೇಬಲ್:

| ಗುಣ | ಟಿಟಿಎಲ್ | ಸಿಮಾಸ್ | ಇಸಿಎಲ್ |
|---|---|---|---|
| ಫ್ಯಾನ್-ಇನ್ | 8 ತನಕ, ಮಲ್ಟಿ ಎಮಿಟರ್ | ಒಂದು ಹಂತದಲ್ಲಿ ಸುಮಾರು 4, ಸಾಲು ಟ್ರಾನ್ಸಿಸ್ಟರ್ | 4–5, ಪ್ಯಾರಲಲ್ ಟ್ರಾನ್ಸಿಸ್ಟರ್ |
| ಫ್ಯಾನ್-ಔಟ್ | 10, ಕರೆಂಟ್ ಮಿತಿ | 50, ಕೆಪಾಸಿಟೆನ್ಸ್ ಮಿತಿ | 25 |
| ನಾಯ್ಸ್ ಮಾರ್ಜಿನ್ | 0.4 ವೋಲ್ಟ್ | 1.45 ವೋಲ್ಟ್ | 0.125 ವೋಲ್ಟ್ |
| ಡಿಲೇ | 10 ನ್ಯಾನೋಸೆಕೆಂಡ್ | 125 ನ್ಯಾನೋಸೆಕೆಂಡ್ | 2 ನ್ಯಾನೋಸೆಕೆಂಡ್ |

ಟೇಬಲ್ ಕೆಳಗೆ ಟಿಟಿಎಲ್‌ನ ನಾಯ್ಸ್ ಮಾರ್ಜಿನ್ ಲೆಕ್ಕ ಒಂದು, ಫ್ಯಾನ್-ಔಟ್ ಲೆಕ್ಕ ಒಂದು. ಮೂರೂ ಫ್ಯಾಮಿಲಿಗೆ ಲೆಕ್ಕ ಬೇಡ, ಹೊತ್ತು ಸಾಲುವುದಿಲ್ಲ. ಆಮೇಲೆ ಎರಡು ವಾಕ್ಯ: ಇಸಿಎಲ್‌ನಲ್ಲಿ ಸ್ಯಾಚುರೇಶನ್ ಇಲ್ಲ, ತೂಗು ಚಿಕ್ಕದು, ಹಾಗಾಗಿ ವೇಗ ಜಾಸ್ತಿ, ನಾಯ್ಸ್ ಮಾರ್ಜಿನ್ ಕಡಿಮೆ. ಸಿಮಾಸ್‌ನಲ್ಲಿ ಫ್ಯಾನ್-ಔಟ್ ಏರಿಸಿದರೆ ಡಿಲೇ ಏರುತ್ತದೆ, ಟಿಟಿಎಲ್‌ನಲ್ಲಿ ಏರಿಸಿದರೆ ನಾಯ್ಸ್ ಮಾರ್ಜಿನ್ ಇಳಿಯುತ್ತದೆ.

ಪವರ್ ಡಿಸಿಪೇಶನ್ ಕೇಳಿಲ್ಲ, ಬರೆಯಬೇಡಿ. ಗೊತ್ತಿದೆ ಅಂತ ಸರ್ಕ್ಯೂಟ್ ಚಿತ್ರ ಬರೆಯಲು ಕೂತವರಿಗೆ ಮುಂದಿನ ಪ್ರಶ್ನೆಗೆ ಹೊತ್ತು ಉಳಿಯುವುದಿಲ್ಲ.

ಎರಡು ಅಂಕಕ್ಕೆ ಇದೇ ಪ್ರಶ್ನೆ ಬಂದರೆ ಟೇಬಲ್ ಮತ್ತು ಸಪ್ಲೈ ಸಾಲು ಸಾಕು. ಪೇಪರ್ ಕೊಡುವ ಮುಂಚೆ ಎರಡು ಜಾಗ ಮಾತ್ರ ತಿರುಗಿ ನೋಡಿ: ಪ್ರತಿ ಅಂಕಿಯ ಮುಂದೆ ಯೂನಿಟ್ ಇದೆಯಾ, ಮತ್ತು ಭಾಗಾಕಾರದಲ್ಲಿ ಮಿಲಿಯನ್ನು ಮೈಕ್ರೋದಿಂದ ಭಾಗಿಸಿಬಿಟ್ಟಿದ್ದೀರಾ. ಟಿಟಿಎಲ್ ಫ್ಯಾನ್-ಔಟ್ 400 ಅಂತ ಬಂದಿದ್ದರೆ 16 ಮಿಲಿಆಂಪಿಯರನ್ನು 40 ಮೈಕ್ರೋಆಂಪಿಯರಿಂದ ಭಾಗಿಸಿದ್ದೀರಿ, ಲೋ ಕರೆಂಟನ್ನು ಹೈ ಕರೆಂಟಿನ ಜೊತೆ ಸೇರಿಸಿದ್ದೀರಿ.